ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ: ಕನ್ನಡದಲ್ಲಿ ತುಂಬಲೋ, ಇಂಗ್ಲಿಷಿನಲ್ಲೋ?

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಸಿಇಟಿಗೆ, ಸ್ಕಾಲರ್‌ಶಿಪ್‌ಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೊಸದಾಗಿ ಮಾಡಿಸಬೇಕು. ನಾಡಕಚೇರಿ ಪೋರ್ಟಲ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದೆ. ನನಗೆ ಕನ್ನಡ ಸಲೀಸು. ಆದ್ರೆ ಮುಂದೆ ಎಲ್ಲಾ ಕಡೆ ಇಂಗ್ಲಿಷೇ ಕೇಳ್ತಾರೆ ಅಂತಾರೆ. ಹಿಂದೆ ನಮ್ಮ ಅಣ್ಣನ ಮಗನ ಹೆಸರು ಒಂದೊಂದು ಕಡೆ ಒಂದೊಂದು ಥರ ಬಂದು ತುಂಬಾ ಓಡಾಡಿದ್ವಿ. ಯಾವುದರಲ್ಲಿ ತುಂಬಲಿ?

ಉತ್ತರ: ಪರದೆಯನ್ನು ಕನ್ನಡದಲ್ಲೇ ಇಟ್ಟುಕೊಳ್ಳಿ. ಅದರಿಂದ ಏನೂ ನಷ್ಟವಿಲ್ಲ. ನಿಮಗೆ ಸರಿಯಾಗಿ ಅರ್ಥವಾಗುವ ಭಾಷೆಯಲ್ಲಿ ಪ್ರಶ್ನೆ ಓದಿದರೆ ತಪ್ಪು ಕಡಿಮೆ. ಆದರೆ ನಿಮ್ಮ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಅವನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಒಂದು, ಪರದೆಯ ಮೇಲೆ ಕಾಣುವ ಪ್ರಶ್ನೆಗಳ ಭಾಷೆ. ಎರಡು, ಖಾನೆಗಳಲ್ಲಿ ನೀವು ಟೈಪ್ ಮಾಡುವ ಲಿಪಿ. ಮೂರು, ಕೊನೆಗೆ ಕೈಗೆ ಬರುವ ಪ್ರಮಾಣಪತ್ರದ ಭಾಷೆ. ಜನ ಇವು ಮೂರೂ ಒಂದೇ ಅಂದುಕೊಳ್ಳುತ್ತಾರೆ. ಮೇಲೆ ಮೂಲೆಯಲ್ಲಿ "ಕನ್ನಡ" ಅಂತ ಒತ್ತಿದರೆ ಪ್ರಮಾಣಪತ್ರವೂ ಕನ್ನಡದಲ್ಲೇ ಬರುತ್ತದೆ ಎಂದು ನಂಬುತ್ತಾರೆ. ಹಾಗಲ್ಲ. ಪ್ರಮಾಣಪತ್ರ ಯಾವ ಭಾಷೆಯಲ್ಲಿ ಅಚ್ಚಾಗಬೇಕು ಎನ್ನುವುದನ್ನು ಅರ್ಜಿಯ ಒಳಗೆ ಬೇರೆಯಾಗಿ ಆರಿಸಬೇಕು. ಅದನ್ನು ನೋಡದೆ ಮುಂದೆ ಹೋದವರು ಆಮೇಲೆ ಬಂದು, "ನಾನು ಇಂಗ್ಲಿಷಿನಲ್ಲಿ ತುಂಬಿದ್ದೆ, ಕನ್ನಡದಲ್ಲಿ ಬಂದಿದೆ" ಎನ್ನುತ್ತಾರೆ. ಪರದೆಯ ಭಾಷೆ ನಿಮ್ಮ ಅನುಕೂಲಕ್ಕೆ. ಉಳಿದ ಎರಡು ದಾಖಲೆಯಲ್ಲಿ ಉಳಿಯುತ್ತವೆ. ತಲೆ ಕೆಡಿಸಿಕೊಳ್ಳಬೇಕಾದ್ದು ಆ ಎರಡರ ಬಗ್ಗೆ.

ಮೊದಲು ಪ್ರಮಾಣಪತ್ರದ ಭಾಷೆ. ಇದನ್ನು ಅರ್ಜಿ ತುಂಬುವವರ ಅನುಕೂಲ ನೋಡಿ ತೀರ್ಮಾನಿಸಬಾರದು. ಮುಂದೆ ಅದನ್ನು ಓದುವವರು ಯಾರು ಎಂದು ನೋಡಿ ತೀರ್ಮಾನಿಸಬೇಕು. ರಾಜ್ಯದ ಕಚೇರಿಗಳಿಗೆ, ಹಾಸ್ಟೆಲ್‌ಗೆ, ಸರ್ಕಾರಿ ಯೋಜನೆಗಳಿಗೆ ಕನ್ನಡದ ಪ್ರಮಾಣಪತ್ರ ಧಾರಾಳವಾಗಿ ನಡೆಯುತ್ತದೆ. ಸಿಇಟಿ ಅರ್ಜಿಯಲ್ಲಿ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮುಖ್ಯವಾಗಿ ಕೇಳುವುದು ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು. ಆ ಸಂಖ್ಯೆ ಹಾಕಿದರೆ ದಾಖಲೆ ನೇರವಾಗಿ ಸರ್ಕಾರದ ಕಡತದಿಂದಲೇ ಬರುತ್ತದೆ. ಹಾಗಾಗಿ ಅಲ್ಲಿ ಕನ್ನಡವೋ ಇಂಗ್ಲಿಷೋ ಎನ್ನುವುದಕ್ಕಿಂತ, ಅದರಲ್ಲಿರುವ ಹೆಸರು ಮಗಳ ಉಳಿದ ದಾಖಲೆಗಳ ಹೆಸರಿಗೆ ತಾಳೆಯಾಗುತ್ತದಾ ಎನ್ನುವುದೇ ದೊಡ್ಡ ಪ್ರಶ್ನೆ.

ಹೊರರಾಜ್ಯದ ಕಾಲೇಜು, ಖಾಸಗಿ ಸಂಸ್ಥೆಗಳ ಸ್ಕಾಲರ್‌ಶಿಪ್, ಬ್ಯಾಂಕಿನ ಶಿಕ್ಷಣ ಸಾಲ ಇಂಥದ್ದೇನಾದರೂ ಯೋಚನೆಯಲ್ಲಿದ್ದರೆ ಇಂಗ್ಲಿಷ್ ಪ್ರತಿ ಆರಿಸಿ. ಅಲ್ಲಿ ಕುಳಿತು ಓದುವವರಿಗೆ ಕನ್ನಡ ಬರದೇ ಇರಬಹುದು. ಕನ್ನಡದ ಪ್ರತಿ ಕೊಟ್ಟರೆ ಪ್ರಮಾಣೀಕರಿಸಿದ ಅನುವಾದ ತನ್ನಿ ಎನ್ನುತ್ತಾರೆ. ಆ ಅನುವಾದದಲ್ಲಿ ಹೆಸರಿನ ಕಾಗುಣಿತ ಇನ್ನೊಂದು ಥರ ಬಂದರೆ ಕಥೆ ಮತ್ತೆ ಮೊದಲಿನಿಂದ ಶುರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನೀಟ್, ಜೆಇಇ, ಕೇಂದ್ರ ಸರ್ಕಾರದ ಕೆಲಸ ಇವುಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿ ಕೇಳುವುದಾದರೆ ರಾಜ್ಯದ ಜಾತಿ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ತೆಗೆಸಿಕೊಂಡರೆ ಸಾಲದು. ಅದು ಭಾಷೆಯ ಪ್ರಶ್ನೆಯೇ ಅಲ್ಲ, ನಮೂನೆಯೇ ಬೇರೆ. ನಮ್ಮ ರಾಜ್ಯದ ಪ್ರಮಾಣಪತ್ರದಲ್ಲಿ 2ಎ, 3ಬಿ ಎಂಬಂಥ ಪ್ರವರ್ಗ ಇರುತ್ತದೆ. ಕೇಂದ್ರದ ಪಟ್ಟಿಯಲ್ಲಿ ಆ ವಿಂಗಡಣೆ ಇಲ್ಲ. ಅಲ್ಲಿ ಒಬಿಸಿ ಎಂಬ ಒಂದೇ ಗುಂಪು, ಜೊತೆಗೆ ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆ. ಅದಕ್ಕೆ ನಾಡಕಚೇರಿಯಲ್ಲಿ ಕೇಂದ್ರದ ಒಬಿಸಿ ಪ್ರಮಾಣಪತ್ರ ಎಂಬ ಬೇರೆಯೇ ಸೇವೆಯಿದೆ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಇಂಗ್ಲಿಷ್ ಪ್ರತಿ ಇದೆಯಲ್ಲಾ ಎಂದು ಸುಮ್ಮನಿದ್ದವರು ಕೌನ್ಸೆಲಿಂಗ್ ಹೊತ್ತಿಗೆ ಪೇಚಾಡುವುದನ್ನು ಪ್ರತಿವರ್ಷ ನೋಡುತ್ತೇನೆ.

ಈಗ ಹೆಸರಿನ ವಿಷಯ. ನಿಮ್ಮ ಅಣ್ಣನ ಮಗನಿಗೆ ಆಗಿದ್ದು ಇಲ್ಲೇ ಎಂದು ನನಗೆ ಹೆಚ್ಚುಕಮ್ಮಿ ಖಾತ್ರಿ.

ಕನ್ನಡದ ಹೆಸರನ್ನು ಇಂಗ್ಲಿಷಿಗೆ ತಂದಾಗ ಒಂದಷ್ಟು ಉದುರಿಹೋಗುತ್ತದೆ. ಲ ಮತ್ತು ಳ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರ. ನ, ಣ ಹಾಗೇ. ಹ್ರಸ್ವ, ದೀರ್ಘ ಗೊತ್ತಾಗುವುದಿಲ್ಲ. ಉದುರಿದರೂ ಇಂಗ್ಲಿಷಿನ ಹೆಸರು ಒಂದೇ ಥರ ಉಳಿಯಬಹುದು, ಅಷ್ಟೇನೂ ತೊಂದರೆಯಿಲ್ಲ. ತೊಂದರೆ ಇರುವುದು ವಾಪಸ್ ಬರುವಾಗ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಸಾಫ್ಟ್‌ವೇರ್‌ಗೆ ಉದುರಿದ್ದು ಏನು ಎಂದು ಗೊತ್ತಿರುವುದಿಲ್ಲ. ಅದು ಊಹೆ ಮಾಡುತ್ತದೆ.

ನಿಮ್ಮ ಮಗಳ ಹೆಸರು ನೀವು ಬರೆದಿಲ್ಲ. ಸವಿತಾ ಎಂದಿಟ್ಟುಕೊಳ್ಳೋಣ, ತಂದೆ ಹಾಲಪ್ಪ. ನಮ್ಮ ಕಡೆ ಇಂಗ್ಲಿಷಿನಲ್ಲಿ ಹೀಗೆ ಬರೆಯುತ್ತೇವೆ: Savitha, Halappa. ತ ಬರಬೇಕಾದರೆ ನಾವು th ಹಾಕುತ್ತೇವೆ, ಬರೀ t ಹಾಕಿದರೆ ಟ ಅಂತ ಓದುತ್ತೇವೆ. ಉತ್ತರದ ಕಡೆ ಹಾಗಲ್ಲ. ಅವರಿಗೆ t ಅಂದರೂ ತ ಆಗಬಹುದು, th ಅಂದರೆ ಥ. ಆ ರೂಢಿಯಲ್ಲಿ ಕಲಿತ ಲಿಪ್ಯಂತರ ಸಾಧನಕ್ಕೆ Savitha ಕೊಟ್ಟರೆ ಸವಿಥ ಅಥವಾ ಸವಿಥಾ ಕೊಡುತ್ತದೆ. ಲತಾ ಎಂಬುವರು ಲಥಾ ಆಗುತ್ತಾರೆ. ಇನ್ನು Halappa. ಇದು ಹಾಲಪ್ಪನೂ ಆಗಬಹುದು, ಹಲಪ್ಪನೂ ಆಗಬಹುದು, ಹಳಪ್ಪನೂ ಆಗಬಹುದು. ಸಾಧನ ಮೂರನ್ನೂ ಪಟ್ಟಿ ಮಾಡಿ ತೋರಿಸುತ್ತದೆ, ಸ್ಪೇಸ್ ಒತ್ತಿದರೆ ಮೊದಲನೆಯದು ಕೂತುಬಿಡುತ್ತದೆ.

ಈ ಸ್ಪೇಸ್ ಒತ್ತುವ ತಪ್ಪನ್ನು ನಾನೂ ಮಾಡಿದ್ದೇನೆ. ಸೇವಾ ಕೇಂದ್ರದಲ್ಲಿ ಕೆಲಸಕ್ಕೆ ಕೂತ ಹೊಸತು. ಹೊರಗೆ ಸಾಲು ಉದ್ದವಿತ್ತು. ಒಬ್ಬ ಹುಡುಗನ ತಂದೆಯ ಹೆಸರು ಇದೇ Halappa. ಟೈಪ್ ಮಾಡಿ ಸ್ಪೇಸ್ ಒತ್ತಿ ಮುಂದಿನ ಖಾನೆಗೆ ಹೋದೆ. ಹಳಪ್ಪ ಎಂದು ಕೂತಿತ್ತು, ನಾನು ನೋಡಲಿಲ್ಲ. ಪ್ರಮಾಣಪತ್ರ ಬಂದ ಮೇಲೆ ಆ ಹುಡುಗನ ತಾಯಿ ಓದಿ, "ಇದು ನಮ್ಮೋರ ಹೆಸರಲ್ಲ" ಎಂದರು. ಡಿಜಿಟಲ್ ಸಹಿ ಆದ ಪ್ರಮಾಣಪತ್ರವನ್ನು ಯಾರೂ ತಿದ್ದಲು ಬರುವುದಿಲ್ಲ. ಹೊಸದಾಗಿ ಅರ್ಜಿ, ಮತ್ತೆ ವರದಿ, ಮತ್ತೆ ಸಹಿ. ಕೊನೇ ದಿನಾಂಕಕ್ಕೆ ಸ್ವಲ್ಪ ಮುಂಚೆ ಹೇಗೋ ಕೈಗೆ ಬಂತು. ಆ ತಾಯಿ ಎರಡು ದಿನದ ಕೂಲಿ ಬಿಟ್ಟು ಓಡಾಡಿದ್ದರು. ಅವತ್ತಿನಿಂದ ಹೆಸರು ಟೈಪ್ ಮಾಡಿದ ಮೇಲೆ ಎದುರಿಗೆ ಕೂತವರಿಗೆ ಪರದೆ ತಿರುಗಿಸಿ ಓದಿಸದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಹಾಗಾಗಿ ಎರಡೂ ಲಿಪಿಯಲ್ಲಿ ಹೆಸರು ಕೇಳುವ ಕಡೆ ಎರಡನ್ನೂ ನೀವೇ ತುಂಬಿ. ಒಂದನ್ನು ತುಂಬಿ ಇನ್ನೊಂದನ್ನು ಸಾಫ್ಟ್‌ವೇರ್‌ಗೆ ಬಿಡಬೇಡಿ. ಅದು ತಾನಾಗಿ ತುಂಬಿದ್ದರೆ ಅಳಿಸಿ ಮತ್ತೆ ಬರೆಯಿರಿ.

ಯಾವ ಕಾಗುಣಿತ ಬರೆಯಬೇಕು? ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಳ್ಳಿ. ಮುಂದಿನ ಎಲ್ಲ ಓದಿಗೂ ಹೆಸರು ಅಲ್ಲಿಂದಲೇ ಹರಿಯುತ್ತದೆ. ತಿದ್ದಿಸುವುದು ಅತಿ ಕಷ್ಟವಾದ ದಾಖಲೆಯೂ ಅದೇ. ಇಂಗ್ಲಿಷ್ ಹೆಸರನ್ನು ಅದರಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಎತ್ತಿ ಬರೆಯಿರಿ. ಇನಿಷಿಯಲ್ ಹಿಂದಿದೆಯಾ, ಮುಂದಿದೆಯಾ, ಚುಕ್ಕಿ ಇದೆಯಾ, ನಡುವೆ ಜಾಗ ಇದೆಯಾ, ಅದೂ ಹಾಗೇ ಇರಲಿ. ಕನ್ನಡದ ಹೆಸರು ಅಂಕಪಟ್ಟಿಯಲ್ಲಿ ಅಥವಾ ಶಾಲೆಯ ವರ್ಗಾವಣೆ ಪತ್ರದಲ್ಲಿ ಹೇಗಿದೆಯೋ ಹಾಗೆ. ಮನೆಯಲ್ಲಿ ನೀವು ಸವಿತ ಎಂದು ಬರೆಯುತ್ತಿದ್ದರೂ ಶಾಲೆಯಲ್ಲಿ ಸವಿತಾ ಇದ್ದರೆ ಸವಿತಾ ಎಂದೇ ಬರೆಯಿರಿ. ಮಂಜುನಾಥ, ಮಂಜುನಾಥ್ ಇವು ಕರೆಯುವಾಗ ಒಂದೇ, ಕಂಪ್ಯೂಟರ್‌ಗೆ ಎರಡು ಬೇರೆ ಹೆಸರು.

ತಂದೆಯ ಹೆಸರಿನಲ್ಲಿ ಬೇರೊಂದು ತೊಡಕಿದೆ. ಪಹಣಿಯಲ್ಲಿ ಹೆಸರು "ಹಾಲಪ್ಪ ಬಿನ್ ಕರಿಯಪ್ಪ" ಎಂದಿರುತ್ತದೆ. ಬಿನ್ ಅಂದರೆ ಇಂಥವರ ಮಗ ಎಂದು. ಹೆಂಗಸರ ಹೆಸರಿನಲ್ಲಿ "ಕೋಂ" ಇರುತ್ತದೆ, ಇಂಥವರ ಹೆಂಡತಿ ಎಂದು. ಇವು ಹೆಸರಿನ ಭಾಗವಲ್ಲ. ಆದರೆ ಪಹಣಿ ನೋಡಿಕೊಂಡು ಇಂಗ್ಲಿಷಿಗೆ ಇಳಿಸಿದವರು Halappa Bin Kariyappa ಎಂದು ಪೂರ್ತಿ ಹೆಸರಿನ ಖಾನೆಗೆ ಹಾಕಿದ ಅರ್ಜಿಗಳನ್ನು ಕಂಡಿದ್ದೇನೆ. ಆಧಾರ್‌ನಲ್ಲಿ ಬರೀ Halappa K ಇರುವಾಗ ಇದು ಹೊಂದುವುದಾದರೂ ಹೇಗೆ? ಬಿನ್, ಕೋಂ, ಉರುಫ್ ಇವೆಲ್ಲ ಪಹಣಿಯಲ್ಲೇ ಇರಲಿ. ಅರ್ಜಿಯಲ್ಲಿ ಸಂಬಂಧಕ್ಕೆ ಬೇರೆ ಖಾನೆ ಇರುತ್ತದೆ.

ಕನ್ನಡದ ಹೆಸರು ಸರಿಯಿರಬೇಕು ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ಅರ್ಜಿ ಮೊದಲು ಹೋಗುವುದು ಗ್ರಾಮ ಆಡಳಿತಾಧಿಕಾರಿಯವರ ಹತ್ತಿರ, ನಾವು ಇನ್ನೂ ಗ್ರಾಮ ಲೆಕ್ಕಿಗರು ಅಂತಲೇ ಕರೆಯುವವರು. ಆಮೇಲೆ ಕಂದಾಯ ನಿರೀಕ್ಷಕರು, ಆಮೇಲೆ ತಹಶೀಲ್ದಾರ್ ಕಚೇರಿಯ ಸಹಿ. ಇವರೆಲ್ಲ ನೋಡುವ ಪಹಣಿ, ರೇಷನ್ ಕಾರ್ಡು, ಊರಿನ ಹಳೇ ದಾಖಲೆ ಎಲ್ಲವೂ ಕನ್ನಡದಲ್ಲಿವೆ. ಅಲ್ಲಿ ತಾಳೆ ನೋಡುವುದು ಕನ್ನಡದ ಹೆಸರನ್ನು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಕಾಲೇಜು, ಬ್ಯಾಂಕು, ಸ್ಕಾಲರ್‌ಶಿಪ್ ಕಡೆ ಹೋದರೆ ಅಲ್ಲಿ ತಾಳೆ ನೋಡುವುದು ಇಂಗ್ಲಿಷ್ ಹೆಸರನ್ನು. ಹೋಗುವ ದಾರಿ ಕನ್ನಡ, ಬರುವ ದಾರಿ ಇಂಗ್ಲಿಷ್. ಎರಡರಲ್ಲಿ ಒಂದನ್ನು ಮಾತ್ರ ಸರಿ ಮಾಡಿಕೊಂಡರೆ ಇನ್ನೊಂದು ತುದಿಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನೊಂದು ಕಾಣದ ತೊಂದರೆ ಇದೆ. ಕಣ್ಣಿಗೆ ಎರಡು ಹೆಸರೂ ಒಂದೇ ಥರ ಕಾಣುತ್ತವೆ, ಆದರೂ ಕಂಪ್ಯೂಟರ್ ಬೇರೆ ಎನ್ನುತ್ತದೆ. ಉದಾಹರಣೆಗೆ ಮಗಳ ಇನಿಷಿಯಲ್ "ಎಂ" ಎಂದುಕೊಳ್ಳಿ. ಅದರಲ್ಲಿರುವ ಸೊನ್ನೆ ನಿಜವಾಗಿ ಅನುಸ್ವಾರ. ಕನ್ನಡದ ಅಂಕಿ ಸೊನ್ನೆಯೂ ನೋಡಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಕೆಲವರು ಟೈಪ್ ಮಾಡುವಾಗ ಅನುಸ್ವಾರದ ಬದಲು ಅಂಕಿಯ ಸೊನ್ನೆ ಹಾಕಿರುತ್ತಾರೆ: "ಎ೦". ಓದಲು ಒಂದೇ, ಒಳಗೆ ಬೇರೆ ಅಕ್ಷರ. ಇದೇ ರೀತಿ ರಾಜ್‌ಕುಮಾರ್ ಎನ್ನುವಂಥ ಹೆಸರಿನಲ್ಲಿ ಜ್ ಆದ ಮೇಲೆ ಒತ್ತಕ್ಷರ ಬರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ರಾಜ್ಕುಮಾರ್ ಎಂದು ಕೂರುತ್ತದೆ.

ಪತ್ತೆ ಮಾಡುವುದು ಸುಲಭ. ಒಂದು ಕಡೆಯ ಹೆಸರನ್ನು ಕಾಪಿ ಮಾಡಿ, ಇನ್ನೊಂದು ಹೆಸರಿರುವ ಪುಟದಲ್ಲಿ `Ctrl+F` ಒತ್ತಿ ಅಂಟಿಸಿ ಹುಡುಕಿ. ಕಣ್ಣೆದುರಿಗೇ ಹೆಸರಿದ್ದೂ ಹುಡುಕಾಟಕ್ಕೆ ಸಿಗದಿದ್ದರೆ ಒಳಗೆ ಏನೋ ವ್ಯತ್ಯಾಸವಿದೆ ಎಂದೇ ಅರ್ಥ. ಆಗ ಆ ಹೆಸರನ್ನು ಪೂರ್ತಿ ಅಳಿಸಿ, ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹೊಸದಾಗಿ ಬರೆಯಿರಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲಿನಿಂದ ಮಾತ್ರ ಏನನ್ನೂ ಕಾಪಿ ಮಾಡಬೇಡಿ. ಅಲ್ಲಿ "ಕನ್ನಡ" ಎಂದು ಕಾಣುವುದು ಪೋರ್ಟಲ್‌ನಲ್ಲಿ PÀ£ÀßqÀ ಎಂದು ಬೀಳುತ್ತದೆ. ಅದು ಹಳೇ ಪದ್ಧತಿಯ ಫಾಂಟ್, ಇಂದಿನ ಪೋರ್ಟಲ್‌ಗಳಿಗೆ ಯೂನಿಕೋಡ್ ಬೇಕು.

ಹೆಸರು ಬಿಟ್ಟು ಉಳಿದ ಉತ್ತರಗಳಿಗೆ ಬರೋಣ. ಇಲ್ಲಿ ಲಿಪಿಗಿಂತ ಅರ್ಥ ಜಾರುವುದೇ ಜಾಸ್ತಿ.

ತಂದೆಯ ಉದ್ಯೋಗ ಎನ್ನುವ ಖಾನೆ ನೋಡಿ. ಕನ್ನಡದಲ್ಲಿ ನಾವು "ವ್ಯವಸಾಯ" ಎಂದು ಸಲೀಸಾಗಿ ಹೇಳುತ್ತೇವೆ. ಸ್ವಂತ ಜಮೀನಿದ್ದು ಬೇಸಾಯ ಮಾಡುವವರೂ ಹಾಗೇ ಹೇಳುತ್ತಾರೆ, ಬೇರೆಯವರ ಹೊಲದಲ್ಲಿ ದುಡಿಯುವವರೂ ಹಾಗೇ ಹೇಳುತ್ತಾರೆ. ಅರ್ಜಿಯಲ್ಲಿ ಇವೆರಡು ಬೇರೆ: ಕೃಷಿಕ ಒಂದು, ಕೃಷಿ ಕಾರ್ಮಿಕ ಇನ್ನೊಂದು. ಇಂಗ್ಲಿಷಿನಲ್ಲಿ ಒಂದು Agriculturist, ಇನ್ನೊಂದು Agricultural Labourer. ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ಕೃಷಿಕ ಎಂದು ಆರಿಸಿದರೆ ಜಮೀನು ಎಲ್ಲಿ, ಎಷ್ಟು ಎಂದು ಪಹಣಿ ನೋಡುತ್ತಾರೆ. ಹೆಸರಿನಲ್ಲಿ ಜಮೀನೇ ಇಲ್ಲದಿದ್ದರೆ ವರದಿ ಬರೆಯುವವರು ನಿಮ್ಮನ್ನು ಕರೆಸಿ ಕೇಳುತ್ತಾರೆ, ಅಷ್ಟರಲ್ಲಿ ದಿನ ಕಳೆದಿರುತ್ತದೆ. ಮಗಳ ಸ್ಕಾಲರ್‌ಶಿಪ್ ಅರ್ಜಿ ಇಂಗ್ಲಿಷಿನಲ್ಲಿದ್ದು ಅಲ್ಲಿ ಅವಳೇ Agriculturist ಎಂದು ಆರಿಸಿಬಿಟ್ಟರೆ, ಇಲ್ಲಿ ಕೂಲಿ, ಅಲ್ಲಿ ಕೃಷಿಕ ಎಂದಾಗುತ್ತದೆ. ಆರಿಸುವ ಮೊದಲು ನಿಮ್ಮ ಮನೆಯ ಪರಿಸ್ಥಿತಿಗೆ ಯಾವ ಪದ ಸರಿ ಎಂದು ತೀರ್ಮಾನಿಸಿ, ಅದರ ಕನ್ನಡ ಮತ್ತು ಇಂಗ್ಲಿಷ್ ಎರಡೂ ರೂಪ ಬರೆದಿಟ್ಟುಕೊಳ್ಳಿ. ಎಲ್ಲ ಅರ್ಜಿಯಲ್ಲೂ ಅದನ್ನೇ ಬಳಸಿ.

ಆದಾಯದ ಖಾನೆಯೂ ಹೀಗೇ. ಒಂದು ಕಡೆ "ಕುಟುಂಬದ ವಾರ್ಷಿಕ ಆದಾಯ" ಎಂದಿರುತ್ತದೆ, ಇನ್ನೊಂದು ಕಡೆ ಬರೀ "ವಾರ್ಷಿಕ ಆದಾಯ". ಎರಡನೆಯದನ್ನು ಓದಿದವರು ತಂದೆಯ ದುಡಿಮೆ ಮಾತ್ರ ಬರೆಯುತ್ತಾರೆ, ತಾಯಿಯ ಟೈಲರಿಂಗ್, ಹಾಲು ಮಾರಿದ ದುಡ್ಡು ಬಿಡುತ್ತಾರೆ. ಸಂದೇಹ ಬಂದರೆ ಅದೇ ಖಾನೆಯನ್ನು ಇನ್ನೊಂದು ಭಾಷೆಯಲ್ಲಿ ಓದಿ ನೋಡಿ, ಅರ್ಥ ಬಿಚ್ಚಿಕೊಳ್ಳುತ್ತದೆ. ಆದರೆ ಅರ್ಜಿ ಅರ್ಧ ತುಂಬಿದ ಮೇಲೆ ಭಾಷೆ ಬದಲಿಸಬೇಡಿ. ಎಷ್ಟೋ ಪೋರ್ಟಲ್‌ಗಳಲ್ಲಿ ಭಾಷೆ ಬದಲಿಸಿದ ತಕ್ಷಣ ಪುಟ ಹೊಸದಾಗಿ ತೆರೆದುಕೊಂಡು ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಅಥವಾ ಟೈಪ್ ಮಾಡಿದ್ದು ಉಳಿದು, ಪಟ್ಟಿಯಿಂದ ಆರಿಸಿದ್ದು ಮಾತ್ರ ಮೊದಲಿನ ಸ್ಥಿತಿಗೆ ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಗೊತ್ತೇ ಆಗುವುದಿಲ್ಲ. ಖಾಲಿ ಅರ್ಜಿಯನ್ನು ಮೊದಲು ಎರಡೂ ಭಾಷೆಯಲ್ಲಿ ಒಂದೊಂದು ಸಲ ಓದಿ, ಆಮೇಲೆ ಒಂದನ್ನು ಹಿಡಿದು ಕೊನೆಯವರೆಗೂ ಹೋಗಿ.

ಮೊತ್ತವನ್ನು 120000 ಎಂದು ನಾವು ದಿನವೂ ಬಳಸುವ ಅಂಕಿಗಳಲ್ಲೇ ಬರೆಯಿರಿ, ಕೊಮಾ ಬೇಡ. ಕನ್ನಡ ಅಂಕಿಗಳನ್ನು ತುಂಬಾ ಖಾನೆಗಳು ತೆಗೆದುಕೊಳ್ಳುವುದಿಲ್ಲ.

ಜಾತಿಯ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಅನುವಾದ ಮಾಡಬೇಡಿ. ಕುಂಬಾರ ಎಂದಿದ್ದರೆ ಇಂಗ್ಲಿಷಿನಲ್ಲೂ Kumbara. Potter ಎಂದು ಬರೆದುಕೊಟ್ಟವರಿದ್ದಾರೆ. ಅದು ಕೆಲಸದ ಹೆಸರಾಯಿತು, ಸರ್ಕಾರದ ಪಟ್ಟಿಯಲ್ಲಿರುವ ಜಾತಿಯ ಹೆಸರಾಗಲಿಲ್ಲ. ಪಟ್ಟಿಯಿಂದ ಆರಿಸುವಾಗ ಕನ್ನಡ ಪರದೆಯಲ್ಲಿ ಆರಿಸುವುದೇ ಒಳ್ಳೆಯದು ಎಂದು ನನ್ನ ಅನುಭವ. ಇಂಗ್ಲಿಷ್ ಪಟ್ಟಿಯಲ್ಲಿ ಹೆಸರುಗಳು ಒಂದರ ಪಕ್ಕ ಒಂದು, ಒಂದೇ ಥರ ಕಾಣುತ್ತವೆ. Korama, Koracha, Koraga ಇವನ್ನು ಅವಸರದಲ್ಲಿ ಓದಿ ನೋಡಿ. ಕೊರಮ ಮತ್ತು ಕೊರಚ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿವೆ, ಕೊರಗ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಒಂದು ಅಕ್ಷರ ಜಾರಿದರೆ ಇಡೀ ವರ್ಗವೇ ಬದಲಾಯಿತು. ಹತ್ತಿರ ಹತ್ತಿರದ ಹೆಸರು ಕಂಡರೆ ಅಪ್ಪನ ಹಳೇ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ ಪಕ್ಕದಲ್ಲಿಟ್ಟುಕೊಂಡು ಅದರಲ್ಲಿ ಇದ್ದಂತೆಯೇ ಆರಿಸಿ. ಊರಿನ ಹೆಸರೂ ಅಷ್ಟೇ. ಹೊಸಹಳ್ಳಿಗಳು ಎಷ್ಟಿಲ್ಲ? ಹೋಬಳಿಯನ್ನು ಮೊದಲು ಸರಿಯಾಗಿ ಆರಿಸಿ, ಆಮೇಲೆ ಊರು.

ಬ್ರೌಸರ್‌ನ ಅನುವಾದದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೋರ್ಟಲ್ ತಾನೇ ಕೊಟ್ಟ ಕನ್ನಡ ಬೇರೆ, ಬ್ರೌಸರ್ ಅನುವಾದ ಮಾಡಿ ತೋರಿಸುವ ಕನ್ನಡ ಬೇರೆ. ಕನ್ನಡ ಆವೃತ್ತಿ ಇಲ್ಲದ ಪೋರ್ಟಲ್‌ಗಳಿಗೆ ಹೋದಾಗ ಮೊಬೈಲು "ಅನುವಾದಿಸಲೇ?" ಎಂದು ಕೇಳುತ್ತದೆ, ನಾವು ಹೂಂ ಎನ್ನುತ್ತೇವೆ. ಪ್ರಶ್ನೆ ಅರ್ಥ ಮಾಡಿಕೊಳ್ಳಲು ಅದು ಸರಿ. ತುಂಬುವಾಗ ಮಾತ್ರ ಆಫ್ ಮಾಡಿ. ಅದು ಪ್ರಶ್ನೆಗಳ ಜೊತೆಗೆ ಪಟ್ಟಿಯ ಆಯ್ಕೆಗಳನ್ನೂ ಅನುವಾದ ಮಾಡುತ್ತದೆ. ಚೆನ್ನಾಗಿ ಮಾಡಿದ ಪೋರ್ಟಲ್‌ನಲ್ಲಿ ಪ್ರತಿ ಆಯ್ಕೆಯ ಹಿಂದೆ ಒಂದು ಗುಪ್ತ ಸಂಖ್ಯೆ ಇರುತ್ತದೆ, ಕಳುಹಿಸುವುದು ಆ ಸಂಖ್ಯೆಯನ್ನು. ಹಾಗಾಗಿ ಮೇಲಿನ ಪದ ಬದಲಾದರೂ ಏನೂ ಆಗುವುದಿಲ್ಲ. ಕೆಲವು ಕಡೆ ಸಂಖ್ಯೆ ಇಟ್ಟಿರುವುದಿಲ್ಲ, ಕಾಣುವ ಪದವೇ ಹೋಗುತ್ತದೆ. ಅಲ್ಲಿ ಅನುವಾದವಾದ ಪದ ಹೋದರೆ ಪೋರ್ಟಲ್ ಕಾರಣ ಹೇಳದೆ ಅರ್ಜಿಯನ್ನು ನಿರಾಕರಿಸಬಹುದು.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಕೊನೆಯ ಪುಟದ್ದು. ಸಲ್ಲಿಸುವ ಮೊದಲು ನೀವು ತುಂಬಿದ್ದೆಲ್ಲ ಒಟ್ಟಿಗೆ ತೋರಿಸುತ್ತಾರಲ್ಲ, ಅಲ್ಲಿ ಬ್ರೌಸರ್‌ನ ಅನುವಾದ ಚಾಲೂ ಇದ್ದರೆ ನಿಮ್ಮ Savitha ಕೂಡ ಕನ್ನಡಕ್ಕೆ ತಿರುಗಿ ಸವಿತಾ ಎಂದು ಕಾಣಬಹುದು. ಒಳಗೆ ನೀವು Savita ಎಂದು h ಬಿಟ್ಟು ಬರೆದಿದ್ದರೂ ಅದೇ ಸವಿತಾ ಎಂದೇ ಕಾಣಬಹುದು. ಪುಷ್ಪ ಎಂಬ ಹೆಸರು ಹೂವು ಎಂದು ಆಗಿದ್ದರೂ ಆಶ್ಚರ್ಯವಿಲ್ಲ. ನೀವು ನೋಡುತ್ತಿರುವುದು ನೀವು ತುಂಬಿದ್ದಲ್ಲ. ತಪ್ಪು ಹಿಡಿಯುವ ಕೊನೆಯ ಅವಕಾಶ ಹಾಗೇ ಕಳೆದುಹೋಗುತ್ತದೆ.

ಈಗ ನಿಮ್ಮ ಅರ್ಜಿಗೆ ಬರೋಣ. ಕೂರುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ, ಪ್ರತಿಯೊಂದೂ ಎರಡು ಲಿಪಿಯಲ್ಲಿ: ಮಗಳ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಊರು-ಹೋಬಳಿ-ತಾಲ್ಲೂಕು, ಜಾತಿ, ತಂದೆಯ ಉದ್ಯೋಗ. ಬರೆಯುವಾಗ ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡು ಮೂರೂ ಎದುರಿಗಿರಲಿ. ಮೂರರಲ್ಲಿ ಎಲ್ಲಿ ವ್ಯತ್ಯಾಸವಿದೆ ಎಂದು ಆಗಲೇ ಕಾಣುತ್ತದೆ. ಆಮೇಲೆ ಮೊಬೈಲಿನಲ್ಲಿ ಪರದೆ ಕನ್ನಡದಲ್ಲಿಟ್ಟು, ಬ್ರೌಸರ್ ಅನುವಾದ ಆಫ್ ಮಾಡಿ, ಚೀಟಿ ನೋಡಿ ತುಂಬಿ. ಪ್ರಮಾಣಪತ್ರದ ಭಾಷೆ ಕೇಳುವಲ್ಲಿ, ನೀವು ಹೇಳಿದ್ದು ಸಿಇಟಿ ಮತ್ತು ರಾಜ್ಯದ ಸ್ಕಾಲರ್‌ಶಿಪ್ ಮಾತ್ರ ಆದರೆ ಕನ್ನಡವೇ ಸಾಕು. ಹೊರರಾಜ್ಯ, ಸಾಲ, ಖಾಸಗಿ ಸ್ಕಾಲರ್‌ಶಿಪ್ ಸಾಧ್ಯತೆ ಇದ್ದರೆ ಇಂಗ್ಲಿಷ್ ಆರಿಸಿ.

ಸಲ್ಲಿಸಿದ ಮೇಲೆ ಸ್ವೀಕೃತಿ ಬರುತ್ತದೆ. ಜನ ಅದರಲ್ಲಿ ಸಂಖ್ಯೆ ಮಾತ್ರ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅವತ್ತೇ ಕೂತು ಅದರಲ್ಲಿರುವ ಹೆಸರುಗಳನ್ನು ಚೀಟಿಯ ಜೊತೆ ಹೋಲಿಸಿ. ತಪ್ಪು ಕಂಡರೆ ಮರುದಿನವೇ ಸ್ವೀಕೃತಿ ಹಿಡಿದು ನಾಡಕಚೇರಿಗೆ ಹೋಗಿ, ಗ್ರಾಮ ಆಡಳಿತಾಧಿಕಾರಿಯವರಿಗೂ ತಿಳಿಸಿ. ಸಹಿ ಆಗುವ ಮುಂಚೆ ಹೇಳಿದರೆ ಕೆಲಸ ಸಣ್ಣದು. ಸಹಿ ಆದ ಮೇಲೆ ಹೊಸ ಅರ್ಜಿಯೇ ಗತಿ. ಕೌಂಟರಿನಲ್ಲಿ ತಕ್ಷಣ ಪ್ರಿಂಟ್ ಕೊಡುವ ಓಟಿಸಿ ಸೇವೆಯಲ್ಲಿ ತೆಗೆದುಕೊಳ್ಳುವುದಾದರೆ ಇನ್ನೂ ಹುಷಾರಾಗಿರಿ. ಅಲ್ಲಿ ಹೆಸರು ಬರುವುದು ಮೊದಲೇ ಸೇರಿಸಿಟ್ಟ ದಾಖಲೆಯಿಂದ. ದುಡ್ಡು ಕಟ್ಟುವ ಮೊದಲು ಪರದೆ ತೋರಿಸಿ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಚೀಟಿ ಬರೆಯುವಾಗ ಆಧಾರ್‌ನಲ್ಲೇ ವ್ಯತ್ಯಾಸ ಕಂಡರೆ ಅಂಕಪಟ್ಟಿಗೆ ಹೊಂದುವಂತೆ ಆಧಾರನ್ನು ಮೊದಲು ತಿದ್ದಿಸಿ, ಆಮೇಲೆ ನಾಡಕಚೇರಿ ಅರ್ಜಿ ಹಾಕಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಇಂಗ್ಲಿಷ್ ಸಾಲು ಸರಿ ಮಾಡಿಸಿ ಕನ್ನಡದ ಸಾಲನ್ನು ನೋಡದೆ ಬಂದರೆ ಒಂದು ಅವಕಾಶ ವ್ಯರ್ಥ. ಆಧಾರ್ ಕೇಂದ್ರದಲ್ಲಿ ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ, ಕನ್ನಡ ತಾನಾಗಿ ಬರುತ್ತದೆ. ಸವಿಥ ಹುಟ್ಟುವುದು ಅಲ್ಲೇ. ಅರ್ಜಿದಾರರು ಓದಿ ನೋಡಲೆಂದೇ ಅಲ್ಲಿ ಎದುರಿಗೆ ಎರಡನೇ ಪರದೆ ಇಟ್ಟಿರುತ್ತಾರೆ. ಅದರಲ್ಲಿ ಕನ್ನಡದ ಸಾಲನ್ನು ಮಗಳೇ ಗಟ್ಟಿಯಾಗಿ ಓದಲಿ. ತಪ್ಪಿದ್ದರೆ ಅಲ್ಲೇ ಹೇಳಲಿ, ಆ ಸಾಲನ್ನು ಬೇರೆಯಾಗಿ ತಿದ್ದಲು ಆಪರೇಟರ್‌ಗೆ ಬರುತ್ತದೆ.

ನಿಮ್ಮ ಅಣ್ಣನ ಮಗನದು ಇನ್ನೂ ಬಗೆಹರಿಯದಿದ್ದರೆ ಅವನಿಗೂ ಇದೇ ಕ್ರಮ: ಅಂಕಪಟ್ಟಿ ಮೂಲ, ಮೊದಲು ಆಧಾರ್, ಆಮೇಲೆ ಜಾತಿ-ಆದಾಯ, ಕೊನೆಗೆ ಬ್ಯಾಂಕು. ಬ್ಯಾಂಕಿನಿಂದ ಶುರು ಮಾಡಿದರೆ ಆಧಾರ್ ಬದಲಾದ ಮೇಲೆ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ.